ಬಿಪಿ ಮಶೀನ್ ಎರರ್ ತೋರಿಸಿದರೆ: ಮೊದಲು ಸೆಲ್, ಆಮೇಲೆ ಗಾಳಿ, ಕೊನೆಗೆ ಕ್ಯಾಲಿಬ್ರೇಶನ್

ಪ್ರಶ್ನೆ: ಅಪ್ಪನಿಗೆ 72 ವರ್ಷ, ಬಿಪಿ ಮಾತ್ರೆ ತಗೋತಾರೆ. ಆರು ವರ್ಷದ ಹಿಂದೆ ತಂದ, ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಮಶೀನ್ ಮನೆಯಲ್ಲಿದೆ. ಈಗೀಗ ಮೂರು ಸಲ ಒತ್ತಿದರೆ ಎರಡು ಸಲ ಎರರ್ ಬರುತ್ತದೆ. ಹೊಸ ಸೆಲ್ ಹಾಕಿದರೂ ವಾರದಲ್ಲೇ ಬ್ಯಾಟರಿ ಚಿಹ್ನೆ ಮಿನುಗುತ್ತದೆ. ಬಂದ ರೀಡಿಂಗನ್ನೂ ನಂಬೋ ಹಾಗಿಲ್ಲ. ಬೆಳಿಗ್ಗೆ ಮನೆಯಲ್ಲಿ 158, ಸಂಜೆ ಡಾಕ್ಟರ್ ಹತ್ತಿರ 138. ಕ್ಯಾಲಿಬ್ರೇಶನ್ ಮಾಡಿಸಬೇಕಾ, ಇಲ್ಲಾ ಹೊಸದೇ ತರಬೇಕಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ:

ಎರಡನ್ನೂ ಸದ್ಯಕ್ಕೆ ಬದಿಗಿಡಿ. ಆಸ್ಪತ್ರೆಯ ಉಪಕರಣಗಳ ರಿಪೇರಿ, ತಪಾಸಣೆ ನನ್ನ ಕೆಲಸ. ‘ಕ್ಯಾಲಿಬ್ರೇಶನ್ ಹೋಗಿದೆ’ ಅಂತ ನಮ್ಮ ಟೇಬಲ್ಲಿಗೆ ಬರುವ ಮನೆ ಮಶೀನ್‌ಗಳಲ್ಲಿ ಹೆಚ್ಚಿನವಕ್ಕೆ ಕ್ಯಾಲಿಬ್ರೇಶನ್ ಹೋಗಿರುವುದಿಲ್ಲ. ಸೆಲ್ ಸರಿಯಿಲ್ಲ, ಇಲ್ಲವೇ ಗಾಳಿ ಸೋರುತ್ತಿದೆ, ಇಲ್ಲವೇ ತೋಳಿನ ಪಟ್ಟಿ ಆ ತೋಳಿಗೆ ಹೊಂದುವುದಿಲ್ಲ. ಒಳಗಿನ ಸೆನ್ಸರ್‌ನ ಸರದಿ ಕೊನೆಗೆ ಬರುವುದು. ಹಾಗಾಗಿ ಹುಡುಕುವುದನ್ನೂ ಅದೇ ಕ್ರಮದಲ್ಲಿ ಹುಡುಕೋಣ.

ಮಶೀನ್ ಒಳಗೆ ಏನು ನಡೆಯುತ್ತದೆ ಅಂತ ಒಮ್ಮೆ ನೋಡಿಬಿಟ್ಟರೆ ಮುಂದಿನದೆಲ್ಲ ಸುಲಭ. ಬಟನ್ ಒತ್ತಿದ ತಕ್ಷಣ ಅದು ತನ್ನ ಸೆನ್ಸರನ್ನು ಸೊನ್ನೆಗೆ ತಂದುಕೊಳ್ಳುತ್ತದೆ. ಆಮೇಲೆ ಸಣ್ಣ ಮೋಟರ್ ಪಂಪು ಪಟ್ಟಿಗೆ ಗಾಳಿ ತುಂಬುತ್ತದೆ, ತೋಳಿನ ರಕ್ತನಾಳ ಮುಚ್ಚುತ್ತದೆ. ಬಳಿಕ ಗಾಳಿಯನ್ನು ನಿಧಾನವಾಗಿ ಬಿಡುತ್ತಾ ಹೋಗುತ್ತದೆ. ಕೆಲವು ಹೊಸ ಮಾಡೆಲ್‌ಗಳು ಗಾಳಿ ತುಂಬುವಾಗಲೇ ಅಳೆಯುತ್ತವೆ. ಪ್ರತಿ ಹೃದಯ ಬಡಿತಕ್ಕೂ ಪಟ್ಟಿಯ ಗಾಳಿಯಲ್ಲಿ ಒಂದು ಸಣ್ಣ ಕಂಪನ ಏಳುತ್ತದೆ. ಆ ಕಂಪನ ಮೊದಲು ಸಣ್ಣದಿದ್ದು, ದೊಡ್ಡದಾಗಿ, ಮತ್ತೆ ಸಣ್ಣದಾಗುತ್ತದೆ. ಕಂಪನ ಅತಿ ದೊಡ್ಡದಾಗುವ ಜಾಗ ಸರಾಸರಿ ಒತ್ತಡಕ್ಕೆ ಹತ್ತಿರ ಇರುತ್ತದೆ. ಮೇಲಿನ ಸಂಖ್ಯೆ, ಕೆಳಗಿನ ಸಂಖ್ಯೆ ಎರಡನ್ನೂ ಮಶೀನ್ ಆ ಕಂಪನಗಳ ಏರಿಳಿತದಿಂದ ಲೆಕ್ಕ ಹಾಕುತ್ತದೆ. ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು ಕೇಳುವ ಸದ್ದನ್ನು ಇದು ಕೇಳುವುದೇ ಇಲ್ಲ. ಆ ಲೆಕ್ಕದ ಸೂತ್ರ ಕಂಪನಿಯಿಂದ ಕಂಪನಿಗೆ ಬೇರೆ, ಅದನ್ನು ಯಾರೂ ಹೊರಗೆ ಹೇಳುವುದಿಲ್ಲ.

ಅಂದರೆ ಇದಕ್ಕೆ ಮೂರು ಸರಿಯಿರಬೇಕು: ಪಂಪಿಗೆ ಸಾಕಷ್ಟು ಕರೆಂಟು, ಸೋರದ ಗಾಳಿ, ಗದ್ದಲವಿಲ್ಲದ ಕಂಪನ. ನೀವು ನೋಡುತ್ತಿರುವ ಎರರ್ ಇವುಗಳಲ್ಲಿ ಒಂದು ತಪ್ಪಿದ್ದಕ್ಕೇ ಬಂದಿರುವ ಸಾಧ್ಯತೆ ಜಾಸ್ತಿ.

ಮೊದಲು ಸೆಲ್ ವಿಚಾರ. ತೋಳಿನ ಮಶೀನ್‌ಗಳು ಸಾಮಾನ್ಯವಾಗಿ ನಾಲ್ಕು ಎಎ ಸೈಜಿನ ಪೆನ್ ಸೆಲ್ ತೆಗೆದುಕೊಳ್ಳುತ್ತವೆ. ಒಂದೊಂದು 1.5 ವೋಲ್ಟ್, ಸಾಲಾಗಿ ಸೇರಿ 6 ವೋಲ್ಟ್. ಡಿಸ್‌ಪ್ಲೇಗೆ ಬೇಕಾದ ಕರೆಂಟು ಅತ್ಯಲ್ಪ. ಆದರೆ ಪಂಪ್ ತಿರುಗುವ ಆ ಕೆಲವು ಸೆಕೆಂಡು ಸೆಲ್ ಮೇಲೆ ಭಾರಿ ಹೊರೆ ಬೀಳುತ್ತದೆ. ಅದಕ್ಕೇ ಸ್ವಲ್ಪ ಸೋತ ಸೆಲ್ ಹಾಕಿದರೂ ಡಿಸ್‌ಪ್ಲೇ ಚೆನ್ನಾಗಿ ಬೆಳಗುತ್ತದೆ, ಪಂಪ್ ಶುರುವಾದ ಕೂಡಲೇ ಬ್ಯಾಟರಿ ಚಿಹ್ನೆ ಮಿನುಗುತ್ತದೆ. ಮಲ್ಟಿಮೀಟರ್ ಇಟ್ಟು ‘1.4 ತೋರಿಸ್ತಿದೆ, ಸೆಲ್ ಚೆನ್ನಾಗಿದೆ’ ಅನ್ನುವವರಿದ್ದಾರೆ. ಹೊರೆ ಇಲ್ಲದಾಗ ಅಳೆದ ಆ ವೋಲ್ಟೇಜಿಗೆ ಹೆಚ್ಚು ಅರ್ಥವಿಲ್ಲ. ಹೊರೆ ಬಿದ್ದಾಗ ಅದೇ ಸೆಲ್ ಕುಸಿಯಬಹುದು.

ನಿಮ್ಮ ‘ಹೊಸ ಸೆಲ್’ ಯಾವುದು ಅಂತ ನೋಡಿ. ಅಂಗಡಿಯಲ್ಲಿ ಸುಮ್ನೆ ‘ಪೆನ್ ಸೆಲ್ ಕೊಡಿ’ ಅಂದರೆ ಹೆಚ್ಚಾಗಿ ಕೊಡುವುದು ಗೋಡೆ ಗಡಿಯಾರ, ಟಿವಿ ರಿಮೋಟಿಗೆ ಹಾಕುವ ಅಗ್ಗದ ಜಿಂಕ್-ಕಾರ್ಬನ್ ಸೆಲ್. ಗಡಿಯಾರಕ್ಕೆ ಅದು ಧಾರಾಳ ಸಾಕು, ಬಿಪಿ ಪಂಪಿಗೆ ಸಾಲದು. ಹಾಕಿದ ವಾರದಲ್ಲೇ ಚಿಹ್ನೆ ಬರುತ್ತಿದೆ ಅಂದರೆ ನನ್ನ ಮೊದಲ ಅನುಮಾನ ಇದೇ. ಸೆಲ್ ಮೇಲೆ ‘ಆಲ್ಕಲೈನ್’ ಅಂತ ಬರೆದಿರಬೇಕು. ಒಂದು ಸೆಟ್ ಒಳ್ಳೆಯ ಆಲ್ಕಲೈನ್ ನೂರಾರು ಅಳತೆಗೆ ಬರುತ್ತದೆ. ದಿನಕ್ಕೆ ಎರಡು ಮೂರು ಸಲ ನೋಡಿದರೂ ತಿಂಗಳುಗಟ್ಟಲೆ ಆಯಿತು. ನಾಲ್ಕನ್ನೂ ಒಟ್ಟಿಗೆ, ಒಂದೇ ಪ್ಯಾಕಿನಿಂದ ಹಾಕಿ. ಎರಡು ಹಳೆಯದು, ಎರಡು ಹೊಸದು ಬೆರೆಸಿದರೆ ಹಳೆಯದರ ಮಟ್ಟಕ್ಕೇ ಎಲ್ಲವೂ ಇಳಿಯುತ್ತದೆ.

ಚಾರ್ಜ್ ಮಾಡುವ ಸೆಲ್ ಹಾಕುವವರಿಗೂ ಇದೇ ತೊಂದರೆ. ಅವು ಒಂದೊಂದು 1.2 ವೋಲ್ಟ್, ನಾಲ್ಕು ಸೇರಿ 4.8 ಮಾತ್ರ. ಪೂರ್ತಿ ಚಾರ್ಜ್ ಇದ್ದರೂ ಕೆಲವು ಮಶೀನ್ ಅದನ್ನು ‘ಸೆಲ್ ಮುಗಿಯಿತು’ ಅಂತಲೇ ತಿಳಿಯುತ್ತದೆ. ಅದು ಮಶೀನ್‌ನ ದೋಷವಲ್ಲ.

ಆಲ್ಕಲೈನ್ ಹಾಕಿದ ಮೇಲೂ ಚಿಹ್ನೆ ಬಂದರೆ ಸೆಲ್ ಕೂರುವ ಜಾಗದ ಸ್ಪ್ರಿಂಗ್, ಲೋಹದ ಪಟ್ಟಿಗಳನ್ನು ಬೆಳಕಿನಲ್ಲಿ ನೋಡಿ. ಬಿಳಿ ಪುಡಿಯೋ ಹಸಿರು ಕಿಲುಬೋ ಕಟ್ಟಿದ್ದರೆ ಹಿಂದೆ ಯಾವಾಗಲೋ ಸೆಲ್ ಸೋರಿದೆ ಅಂತ ಅರ್ಥ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಒಂದು ಹನಿ ವಿನಿಗರ್ ತಾಗಿಸಿ ಮೆಲ್ಲಗೆ ಉಜ್ಜಿ, ಇನ್ನೊಂದು ಕಡ್ಡಿಗೆ ತುಸು ನೀರು ತಾಗಿಸಿ ಒರೆಸಿ, ಪೂರ್ತಿ ಒಣಗಲು ಬಿಡಿ. ಸೋರಿದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಉರಿಯುತ್ತದೆ. ಸ್ಪ್ರಿಂಗ್ ತಿಂದುಹೋಗಿದ್ದರೆ ಅಥವಾ ಕಿಲುಬು ಒಳಗಿನ ಬೋರ್ಡಿಗೆ ಹರಿದಿದ್ದರೆ ಶುಚಿ ಮಾಡಿ ಉಪಯೋಗವಿಲ್ಲ.

ಅಡಾಪ್ಟರ್ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ವೈಫೈ ರೌಟರಿನ, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಪಿನ್ನು ಎಷ್ಟೋ ಬಿಪಿ ಮಶೀನ್‌ಗೆ ಚೆನ್ನಾಗಿ ಕೂರುತ್ತದೆ. ಆದರೆ ರೌಟರಿನದು 9 ಅಥವಾ 12 ವೋಲ್ಟ್, ನಿಮ್ಮದಕ್ಕೆ ಬೇಕಿರುವುದು 6 ವೋಲ್ಟ್ ಇರಬಹುದು. ಪ್ಲಸ್-ಮೈನಸ್ ಕೂಡ ಅದಲುಬದಲಾಗಿರಬಹುದು. ಒಂದೇ ಸಲಕ್ಕೆ ಬೋರ್ಡ್ ಸುಡುತ್ತದೆ. ಮಶೀನ್ ತಳದ ಚೀಟಿಯಲ್ಲಿ ಬರೆದ ವೋಲ್ಟೇಜನ್ನೇ ನಂಬಿ. ಕಂಪನಿಯದೇ ಅಡಾಪ್ಟರ್ ಇದ್ದರೆ ಅದು ಒಳ್ಳೆಯ ಪರೀಕ್ಷೆಯೂ ಹೌದು: ಸೆಲ್ ಮೇಲೆ ತಕರಾರು ಮಾಡುವ ಮಶೀನ್ ಅಡಾಪ್ಟರಿನಲ್ಲಿ ಸರಾಗವಾಗಿ ನಡೆದರೆ ತಪ್ಪು ಸೆಲ್ ಕಡೆಯದು, ಮುಂದೆ ಹುಡುಕುವ ಅಗತ್ಯವಿಲ್ಲ.

ಸೆಲ್ ಬದಲಿಸಿದ ಮೇಲೆ ತಾರೀಖು, ಸಮಯ ಮತ್ತೆ ಹಾಕುವುದನ್ನು ಎಲ್ಲರೂ ಮರೆಯುತ್ತಾರೆ. ಎಷ್ಟೋ ಮಶೀನ್‌ಗಳಲ್ಲಿ ಗಡಿಯಾರ ಮೊದಲಿನಿಂದ ಶುರುವಾಗಿಬಿಡುತ್ತದೆ. ಆಮೇಲೆ ಡಾಕ್ಟರ್ ಮೆಮರಿ ನೋಡಿದರೆ ರಾತ್ರಿ ಎರಡು ಗಂಟೆಗೆ ತೆಗೆದ ರೀಡಿಂಗ್‌ಗಳು ಕಾಣುತ್ತವೆ!

ಇನ್ನು ಎರರ್ ಕೋಡ್. E1, E2, E3 ಅಂತೆಲ್ಲ ಬರುವುದಕ್ಕೆ ಎಲ್ಲ ಕಂಪನಿಗೂ ಒಂದೇ ಅರ್ಥವಿಲ್ಲ. ಒಂದರಲ್ಲಿ E2 ಅಂದರೆ ಅಲುಗಾಡಿದಿರಿ ಅಂತ, ಇನ್ನೊಂದರಲ್ಲಿ ಬೇರೆಯೇ. ಒಂದೇ ಕಂಪನಿಯ ಹಳೆಯ, ಹೊಸ ಮಾಡೆಲ್‌ಗಳಲ್ಲೂ ವ್ಯತ್ಯಾಸ ಇರುತ್ತದೆ. ಹಾಗಾಗಿ ಯಾರೋ ವಾಟ್ಸ್ಆ್ಯಪಿನಲ್ಲಿ ಕಳಿಸಿದ ಪಟ್ಟಿ ನೋಡಿ ತೀರ್ಮಾನಿಸಬೇಡಿ. ಮಶೀನ್ ತಳದಲ್ಲಿ ಮಾಡೆಲ್ ನಂಬರ್ ಇರುತ್ತದೆ, ಅದನ್ನು ಹಾಕಿ ಹುಡುಕಿದರೆ ಕಂಪನಿಯ ಕೈಪಿಡಿ ಸಿಗುತ್ತದೆ. ಆದರೂ ಕೋಡ್ ಏನೇ ಇರಲಿ, ದೂರು ನಾಲ್ಕೇ ಬಗೆಯದು. ಗಾಳಿ ತುಂಬಲಿಲ್ಲ, ನಾಡಿ ಸಿಗಲಿಲ್ಲ, ಒತ್ತಡ ಮಿತಿ ಮೀರಿತು, ಒಳಗೇ ಏನೋ ಕೆಟ್ಟಿದೆ.

ಗಾಳಿಯ ದೂರನ್ನು ಕಿವಿಯಿಂದಲೇ ಗುರುತಿಸಬಹುದು. ಪಂಪು ಎಂದಿಗಿಂತ ಜಾಸ್ತಿ ಹೊತ್ತು ‘ಗುರ್ರ್’ ಅನ್ನುತ್ತಲೇ ಇರುತ್ತದೆ, ಸಂಖ್ಯೆ 80ಕ್ಕೋ 100ಕ್ಕೋ ಹೋಗಿ ಅಲ್ಲೇ ನಿಲ್ಲುತ್ತದೆ, ಆಮೇಲೆ ಎರರ್. ಮೊದಲು ಕೊಳವೆಯ ಪ್ಲಗ್ಗನ್ನು ಮಶೀನ್‌ನಿಂದ ತೆಗೆದು ಮತ್ತೆ ಒತ್ತಿ ಕೂರಿಸಿ. ಅರ್ಧ ಕೂತಿರುವ ಪ್ಲಗ್ಗೇ ಬಹಳ ಸಲ ಕಾರಣ. ನಂತರ ಕೊಳವೆಯನ್ನು ಬೆರಳಲ್ಲಿ ಬಗ್ಗಿಸುತ್ತಾ ಉದ್ದಕ್ಕೂ ನೋಡಿ. ಅದು ಸೀಳುವುದು ನಡುವೆ ಅಲ್ಲ, ಪಟ್ಟಿಗೆ ಸೇರುವ ಬುಡದಲ್ಲಿ. ಯಾಕಂದ್ರೆ ನಾವು ಮಶೀನ್ ಎತ್ತಿಡುವಾಗ ಕೊಳವೆಯನ್ನು ಅದರ ಸುತ್ತ ಬಿಗಿಯಾಗಿ ಸುತ್ತುತ್ತೇವೆ, ಬುಡ ಯಾವಾಗಲೂ ಅಲ್ಲೇ ಮಡಚಿರುತ್ತದೆ.

ಕಣ್ಣಿಗೆ ಏನೂ ಕಾಣದಿದ್ದರೆ ಡಬ್ಬಿ ಪರೀಕ್ಷೆ ಮಾಡಿ. ಸುತ್ತಳತೆ ಸುಮಾರು 28 ಸೆಂಟಿಮೀಟರ್ ಇರುವ, ಒತ್ತಿದರೆ ತಗ್ಗದ ದಪ್ಪ ಸ್ಟೀಲ್ ಡಬ್ಬಿಗೆ ಪಟ್ಟಿಯನ್ನು ತೋಳಿಗೆ ಕಟ್ಟುವಂತೆಯೇ ಕಟ್ಟಿ, ಬಟನ್ ಒತ್ತಿ. ಕೊನೆಗೆ ಎರರ್ ಬರುತ್ತದೆ, ಬರಲೇಬೇಕು. ಡಬ್ಬಿಗೆ ನಾಡಿ ಎಲ್ಲಿಂದ? ನಾವು ನೋಡಬೇಕಿರುವುದು ಸಂಖ್ಯೆ ಏರುವ ರೀತಿ. ಸಲೀಸಾಗಿ 150 ದಾಟಿ, ಪಂಪ್ ನಿಂತ ಮೇಲೆ ನಿಧಾನವಾಗಿ, ಒಂದೇ ಹದದಲ್ಲಿ ಇಳಿದರೆ ಗಾಳಿಯ ದಾರಿ ಚೆನ್ನಾಗಿದೆ. ಏರುವುದೇ ಇಲ್ಲ ಅಥವಾ ದಬಕ್ಕನೆ ಬೀಳುತ್ತದೆ ಅಂದರೆ ಸೋರಿಕೆ. ಏನೂ ಸುತ್ತದೆ ಖಾಲಿ ಪಟ್ಟಿಗೆ ಮಾತ್ರ ಗಾಳಿ ತುಂಬಿಸಬೇಡಿ, ಒಳಗಿನ ಚೀಲ ಒಡೆಯಬಹುದು. ಸೋರಿಕೆ ಪಟ್ಟಿಯದ್ದಾದರೆ ಅದೊಂದನ್ನೇ ಬೇರೆ ಕೊಳ್ಳಲು ಸಿಗುತ್ತದೆ, ಆದರೆ ನಿಮ್ಮ ಮಾಡೆಲ್‌ಗೆ ಹೊಂದುವುದೇ ಬೇಕು. ಪಂಕ್ಚರ್ ಅಂಟು, ಫೆವಿಕ್ವಿಕ್ ಹಾಕಿ ಬಂದವನ್ನು ನೋಡಿದ್ದೇನೆ. ಒಂದೆರಡು ವಾರ ನಡೆಯುತ್ತವೆ, ಅಷ್ಟೆ.

ಒಂದು ಸಣ್ಣ ಅಭ್ಯಾಸವೂ ಎರರ್ ತರುತ್ತದೆ. ಒಂದು ಅಳತೆ ಮುಗಿದು ಪಟ್ಟಿಯಲ್ಲಿ ಇನ್ನೂ ಗಾಳಿ ಉಳಿದಿರುವಾಗಲೇ ಮತ್ತೆ ಬಟನ್ ಒತ್ತುವುದು. ಶುರುವಿನಲ್ಲಿ ಅದು ಸೊನ್ನೆ ಹಿಡಿಯುತ್ತದೆ ಅಂದೆನಲ್ಲ, ಆಗ ಪಟ್ಟಿ ಪೂರ್ತಿ ಖಾಲಿ ಇರಬೇಕು. ಒಂದೆರಡು ನಿಮಿಷ ಬಿಡಿ. ಪಟ್ಟಿಯನ್ನು ಅಂಗೈಯಿಂದ ಚಪ್ಪಟೆ ಒತ್ತಿ, ಆಮೇಲೆ ಕಟ್ಟಿ.

ನಾಡಿ ಸಿಗಲಿಲ್ಲ ಅನ್ನುವ ಎರರ್ ಹತ್ತಿರ ಸ್ವಲ್ಪ ನಿಲ್ಲಬೇಕು, ಅದಕ್ಕೆ ಮಶೀನ್‌ನ ಆಚೆಗೂ ಕಾರಣ ಇರಬಹುದು. ಸಾಮಾನ್ಯ ಕಾರಣಗಳು ಗೊತ್ತಿರುವವೇ: ಅಳೆಯುವಾಗ ಮಾತಾಡುವುದು, ಕೈ ಮುಷ್ಟಿ ಕಟ್ಟುವುದು, ಸ್ವೆಟರ್ ಮೇಲೆ ಕಟ್ಟುವುದು. ತೋಳು ಮಡಚಿ ಮೇಲೆ ಸರಿಸಿದ ಶರ್ಟು ಹಗ್ಗದ ಹಾಗೆ ಬಿಗಿಯುವುದೂ ಒಂದು. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ, ಅದರ ಮೇಲಿನ ಗುರುತು ತೋಳಿನ ಒಳಭಾಗದ ರಕ್ತನಾಳದ ಮೇಲೆ ಬರಲಿ. ಕಟ್ಟಿದ ಮೇಲೆ ಒಂದು ಬೆರಳು ಸಲೀಸಾಗಿ ತೂರಬೇಕು, ಮುಷ್ಟಿ ತೂರಬಾರದು.

ಇಷ್ಟೆಲ್ಲ ಸರಿಯಿದ್ದೂ ಅಪ್ಪನಿಗೆ ಮಾತ್ರ ಎರರ್ ಬರುತ್ತದೆಯಾ, ನಿಮಗೂ ಬರುತ್ತದೆಯಾ ಅಂತ ನೋಡಿ. ಅದೇ ಕುರ್ಚಿ, ಅದೇ ಮಶೀನ್, ಅದೇ ಸೆಲ್. ಮನೆಯ ಇಬ್ಬರು ಮೂವರಿಗೆ ಹಾಕಿ ನೋಡಿ. ಎಲ್ಲರಿಗೂ ಎರರ್ ಬಂದರೆ ಮಶೀನ್ ಕೆಟ್ಟಿದೆ. ನಿಮಗೆಲ್ಲ ಸರಿಯಾಗಿ ಬಂದು ಅವರಿಗೆ ಮಾತ್ರ ಮತ್ತೆ ಮತ್ತೆ ಎರರ್ ಬಂದರೆ ಮಶೀನನ್ನು ಬಿಟ್ಟು ಅವರ ನಾಡಿ ಹಿಡಿದು ನೋಡಿ. ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಎರಡು ಬೆರಳಿಟ್ಟು ಒಂದು ನಿಮಿಷ. ಬಡಿತ ಹದವಾಗಿಲ್ಲದೆ ಒಮ್ಮೆ ಬೇಗ, ಒಮ್ಮೆ ತಡ ಆಗುತ್ತಿದ್ದರೆ ಡಾಕ್ಟರಿಗೆ ಹೇಳಿ ಇಸಿಜಿ ಮಾಡಿಸಿ. ವಯಸ್ಸಾದವರಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಅನ್ನುವ ಬಡಿತದ ಏರುಪೇರು ಸಾಮಾನ್ಯ. ಅದು ಪಾರ್ಶ್ವವಾಯುವಿಗೆ ದಾರಿ ಮಾಡಿಕೊಡುವಂಥದ್ದು. ಕಂಪನಗಳು ಒಂದೊಂದು ಒಂದೊಂದು ಗಾತ್ರದಲ್ಲಿ ಬಂದರೆ ಮಶೀನ್ ಗೊಂದಲಕ್ಕೆ ಬಿದ್ದು ಎರರ್ ಹೊಡೆಯುತ್ತದೆ ಅಥವಾ ಸಲಕ್ಕೊಂದು ಸಂಖ್ಯೆ ಕೊಡುತ್ತದೆ. ಡಿಸ್‌ಪ್ಲೇಯಲ್ಲಿ ಏರುಪೇರಾದ ಹೃದಯದ ಚಿಹ್ನೆ ಬರುತ್ತಿದ್ದರೆ ಅದನ್ನೂ ಬರೆದಿಡಿ. ಕೈ ನಡುಗುವ ಪಾರ್ಕಿನ್ಸನ್ಸ್ ಇರುವವರಲ್ಲೂ ಇದೇ ತೊಂದರೆ.

ಇನ್ನೂ ಒಂದು. ಅವರು ಬೆವರುತ್ತಿದ್ದಾರೆ, ತಲೆ ಸುತ್ತುತ್ತಿದೆ, ಎದೆ ನೋವು ಅಥವಾ ಮಾತು ತೊದಲು ಇದೆ, ಮಶೀನ್ ಎರರ್ ತೋರಿಸುತ್ತಿದೆ ಅಂದರೆ ಸೆಲ್ ಬದಲಿಸುತ್ತ ಕೂರಬೇಡಿ. ಆಸ್ಪತ್ರೆಗೆ ಹೊರಡಿ. ಒತ್ತಡ ಬಹಳ ಕುಸಿದಾಗಲೂ ಈ ಮಶೀನ್‌ಗಳಿಗೆ ನಾಡಿ ಸಿಗುವುದಿಲ್ಲ.

ಈಗ ನಿಮ್ಮ 158 ಮತ್ತು 138ಕ್ಕೆ ಬರೋಣ. ಬೆಳಿಗ್ಗೆ ಮಾತ್ರೆಗೆ ಮುಂಚೆ ತೆಗೆದದ್ದು, ಸಂಜೆ ಮಾತ್ರೆಯ ಪ್ರಭಾವದಲ್ಲಿ ತೆಗೆದದ್ದು, ಎರಡೂ ನಿಜವೇ ಇರಬಹುದು. ಬಿಪಿ ಅಷ್ಟು ಏರಿಳಿಯುತ್ತದೆ. ಒಂದು ಮನೆಯದು, ಒಂದು ಕ್ಲಿನಿಕ್‌ನದು ಅಂತ ಎರಡು ಹೊತ್ತಿನ ರೀಡಿಂಗ್ ಹೋಲಿಸಿ ಮಶೀನ್ ಮೇಲೆ ತೀರ್ಪು ಕೊಡಲು ಬರುವುದಿಲ್ಲ.

ಕ್ಯಾಲಿಬ್ರೇಶನ್ ಅಂತ ನಾವು ಯಾವುದಕ್ಕೆ ಹೇಳುತ್ತೇವೆ ಅನ್ನುವುದನ್ನೂ ಬಿಡಿಸಿ ಹೇಳಬೇಕು. ಸರ್ವಿಸ್ ಸೆಂಟರಿನಲ್ಲಿ ಮಶೀನನ್ನು ಒಂದು ವಿಶೇಷ ಮೋಡಿಗೆ ಹಾಕಿ, ಟಿ ಆಕಾರದ ಕೊಳವೆಯಿಂದ ನಿಖರವಾದ ಒತ್ತಡ ಮಾಪಕಕ್ಕೆ ಜೋಡಿಸುತ್ತೇವೆ. ಪಟ್ಟಿಯನ್ನು ಗಟ್ಟಿ ಸಿಲಿಂಡರಿಗೆ ಸುತ್ತಿರುತ್ತೇವೆ. 50, 100, 150, 200 ಹೀಗೆ ಒತ್ತಡ ಏರಿಸುತ್ತ ಎರಡೂ ಎಷ್ಟು ತೋರಿಸುತ್ತವೆ ಅಂತ ನೋಡುತ್ತೇವೆ. ವ್ಯತ್ಯಾಸ 3 ಪಾಯಿಂಟಿನ ಒಳಗಿರಬೇಕು, ಅಥವಾ ದೊಡ್ಡ ಒತ್ತಡದಲ್ಲಿ ಅದರ ಶೇ. 2ರ ಒಳಗೆ. ಪಾಯಿಂಟ್ ಅಂದರೆ ಇಲ್ಲಿ ಪಾದರಸದ ಮಿಲಿಮೀಟರ್. ಸೋರಿಕೆಯನ್ನೂ ಅಲ್ಲೇ ನೋಡುತ್ತೇವೆ, ಮುಚ್ಚಿಟ್ಟ ಗಾಳಿ ನಿಮಿಷಕ್ಕೆ 6 ಪಾಯಿಂಟಿಗಿಂತ ಜಾಸ್ತಿ ಇಳಿಯಬಾರದು. ಇದು ಪರೀಕ್ಷೆ ಮಾತ್ರ. ಸೆನ್ಸರಿನ ಲೆಕ್ಕ ಫ್ಯಾಕ್ಟರಿಯಲ್ಲೇ ಮೆಮರಿಗೆ ಬರೆದಿರುತ್ತಾರೆ, ನೀವು ತಿರುಗಿಸಿ ಸರಿ ಮಾಡುವ ಸ್ಕ್ರೂ ಇರುವುದಿಲ್ಲ. ಪರೀಕ್ಷೆಯಲ್ಲಿ ಫೇಲ್ ಆದ ಮನೆ ಮಶೀನನ್ನು ರಿಪೇರಿ ಮಾಡುವ ಖರ್ಚಿಗೆ ಹೊಸದೇ ಬರುತ್ತದೆ.

ಈ ಪರೀಕ್ಷೆ ನೋಡುವುದು ಒತ್ತಡ ಮಾಪಕ ಸರಿಯಿದೆಯಾ ಅಂತ. ಕಂಪನದಿಂದ ಬಿಪಿ ಲೆಕ್ಕ ಹಾಕುವ ಸೂತ್ರ ನಿಮ್ಮ ಅಪ್ಪನ ತೋಳಿನ ಮೇಲೆ ಸರಿಯಾಗಿ ನಡೆಯುತ್ತದೆಯಾ ಅನ್ನುವುದನ್ನು ಇದು ಹೇಳುವುದೇ ಇಲ್ಲ. ಆ ಸೂತ್ರವನ್ನು ಪರೀಕ್ಷಿಸುವುದು ಮಾಡೆಲ್ ಮಾರುಕಟ್ಟೆಗೆ ಬರುವಾಗ. ಐಎಸ್ಒ 81060-2 ಅನ್ನುವ ಪದ್ಧತಿಯಲ್ಲಿ ಕನಿಷ್ಠ 85 ಜನರ ಮೇಲೆ, ತರಬೇತಾದವರ ಕಿವಿಯ ಅಳತೆಗೆ ಹೋಲಿಸಿ ನೋಡುತ್ತಾರೆ. ಅದರಲ್ಲಿ ಪಾಸಾದ ಮಾಡೆಲ್ಲೂ ಎಲ್ಲೋ ಒಬ್ಬರ ತೋಳಿಗೆ ಹತ್ತು ಪಾಯಿಂಟು ತಪ್ಪು ಹೇಳಬಹುದು. ಕ್ಯಾಲಿಬ್ರೇಶನ್ ಚೀಟಿ ಕೈಯಲ್ಲಿದ್ದೂ ರೀಡಿಂಗ್ ತಪ್ಪಿರುವುದು ಹೀಗೆ.

ಅದಕ್ಕೇ ಮನೆಯವರಿಗೆ ನಾನು ಹೇಳುವುದು ಬೇರೆ ಪರೀಕ್ಷೆ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಮಶೀನನ್ನೂ ಅದರ ಪಟ್ಟಿಯನ್ನೂ ಒಯ್ಯಿರಿ. ಐದು ನಿಮಿಷ ಬೆನ್ನು ಆನಿಸಿ ಸುಮ್ಮನೆ ಕೂತ ಮೇಲೆ, ಒಂದೇ ತೋಳಿನಲ್ಲಿ, ಒಂದೊಂದು ನಿಮಿಷ ಬಿಟ್ಟು ಐದು ಅಳತೆ: ಮೊದಲ ಎರಡು ನಿಮ್ಮ ಮಶೀನ್‌ನಲ್ಲಿ, ಮೂರನೆಯದು ಕ್ಲಿನಿಕ್‌ನದರಲ್ಲಿ, ನಾಲ್ಕನೆಯದು ನಿಮ್ಮದರಲ್ಲಿ, ಐದನೆಯದು ಮತ್ತೆ ಕ್ಲಿನಿಕ್‌ನದರಲ್ಲಿ. ಮೇಲಿನ ಸಂಖ್ಯೆ ಮಾತ್ರ ಬರೆದುಕೊಳ್ಳಿ. ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಸಾಮಾನ್ಯವಾಗಿ ತುಸು ಜಾಸ್ತಿ ಬರುತ್ತದೆ.

ನಿವೃತ್ತ ಟೀಚರೊಬ್ಬರ ಲೆಕ್ಕ ಹೇಳುತ್ತೇನೆ. ಅವರ ಮಶೀನ್ 150, 146 ತೋರಿಸಿತು. ಕ್ಲಿನಿಕ್‌ನದು 138. ಮತ್ತೆ ಅವರದು 144, ಮತ್ತೆ ಕ್ಲಿನಿಕ್‌ನದು 136. ಎರಡನೆಯ ಮತ್ತು ನಾಲ್ಕನೆಯದರ ಸರಾಸರಿ 145. ಅದರಿಂದ ಮೂರನೆಯದು, 138 ಕಳೆದರೆ 7. ಈ ವ್ಯತ್ಯಾಸ 5ರ ಒಳಗಿದ್ದರೆ ಮಶೀನ್ ಚೆನ್ನಾಗಿದೆ, 10 ದಾಟಿದರೆ ಬದಲಿಸಬೇಕು. ಇದು 6ರಿಂದ 10ರ ನಡುವೆ ಬಿತ್ತು. ಹಾಗಾದಾಗ ಇನ್ನೊಂದು ಲೆಕ್ಕ ಮಾಡಬೇಕು. ಕ್ಲಿನಿಕ್‌ನ ಎರಡರ ಸರಾಸರಿ 137, ಅದಕ್ಕೂ ನಾಲ್ಕನೆಯದಕ್ಕೂ, ಅಂದರೆ 144ಕ್ಕೂ, ವ್ಯತ್ಯಾಸ 7. ಇದು 10ರ ಒಳಗಿದೆ, ಉಪಯೋಗಿಸಬಹುದು. ಗಡಿಯಲ್ಲಿ ಪಾಸು.

ನನಗೆ ಸಮಾಧಾನ ಆಗಲಿಲ್ಲ, ಯಾಕಂದ್ರೆ ವ್ಯತ್ಯಾಸ ಯಾವಾಗಲೂ ಒಂದೇ ಕಡೆಗಿತ್ತು. ಅವರ ತೋಳನ್ನು ಟೈಲರ್ ಟೇಪಿನಲ್ಲಿ ಅಳೆದೆವು: ಭುಜ ಮತ್ತು ಮೊಣಕೈ ನಡುವೆ 34 ಸೆಂಟಿಮೀಟರ್. ಮಶೀನ್ ಜೊತೆ ಬಂದ ಪಟ್ಟಿಯ ಮೇಲೆ ಬರೆದಿದ್ದದ್ದು 22–32. ತೋಳಿಗಿಂತ ಸಣ್ಣ ಪಟ್ಟಿ ಕಟ್ಟಿದರೆ ರಕ್ತನಾಳ ಮುಚ್ಚಲು ಜಾಸ್ತಿ ಗಾಳಿ ಬೇಕಾಗುತ್ತದೆ, ರೀಡಿಂಗ್ ಇರುವುದಕ್ಕಿಂತ ಹೆಚ್ಚು ಬರುತ್ತದೆ. ಅದೇ ಕಂಪನಿಯ ದೊಡ್ಡ ಪಟ್ಟಿ ತರಿಸಿ ಅವರು ಮತ್ತೆ ಕ್ಲಿನಿಕ್‌ಗೆ ಹೋದಾಗ ಅವರದು 140, ಕ್ಲಿನಿಕ್‌ನದು 138, ಮತ್ತೆ ಅವರದು 138. ಸರಾಸರಿ 139, ವ್ಯತ್ಯಾಸ 1. ಮಶೀನ್‌ನ ಒಂದು ಸ್ಕ್ರೂ ಕೂಡ ಮುಟ್ಟಿರಲಿಲ್ಲ. ನಿಮ್ಮ ತಂದೆಯವರ ತೋಳನ್ನೂ ಮೊದಲು ಅಳೆದು ನೋಡಿ. ಜೊತೆಗೆ ಕೈಯನ್ನು ಮೇಜಿನ ಮೇಲೆ ಇಡಲು ಹೇಳಿ, ಪಟ್ಟಿ ಎದೆಯ ಮಟ್ಟಕ್ಕೆ ಬರಬೇಕು. ತೋಳು ಎದೆಗಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಸುಮಾರು 8 ಪಾಯಿಂಟು ಜಾಸ್ತಿ ಬರುತ್ತದೆ. ತೋಳು ಪಕ್ಕಕ್ಕೆ ಇಳಿಬಿಟ್ಟೇ ಅಳೆಯುವ ಮನೆಗಳಲ್ಲಿ ‘ಮಶೀನ್ ಜಾಸ್ತಿ ತೋರಿಸುತ್ತೆ’ ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ.

ಹೋಲಿಸುವಾಗ ಕ್ಲಿನಿಕ್‌ನ ಉಪಕರಣವನ್ನೂ ಕುರುಡಾಗಿ ನಂಬಬೇಡಿ. ಪಾದರಸದ ಬಿಪಿ ಪೆಟ್ಟಿಗೆ ಈಗ ಕಮ್ಮಿಯಾಗುತ್ತಿದೆ. ಅದರ ಜಾಗಕ್ಕೆ ಬಂದ ಮುಳ್ಳಿನ ಡಯಲ್ ಒಮ್ಮೆ ಕೆಳಗೆ ಬಿದ್ದರೆ ಸಾಕು, ಲೆಕ್ಕ ತಪ್ಪುತ್ತದೆ. ಗಾಳಿ ಇಲ್ಲದಾಗ ಮುಳ್ಳು ಸೊನ್ನೆಯಲ್ಲಿ ನಿಲ್ಲದಿದ್ದರೆ ಅದಕ್ಕೆ ಹೋಲಿಸಿ ಪ್ರಯೋಜನವಿಲ್ಲ. ಕೊನೆಯದಾಗಿ ಯಾವಾಗ ಕ್ಯಾಲಿಬ್ರೇಟ್ ಆಯಿತು ಅಂತ ವಿನಯದಿಂದ ಕೇಳಬಹುದು, ಅದರ ಮೇಲೆ ತಾರೀಖಿನ ಚೀಟಿ ಇರುವುದು ಒಳ್ಳೆಯ ಲಕ್ಷಣ. ಪ್ರತಿ ಸಲ 140/90, 150/90 ಅಂತ ಸೊನ್ನೆಯಲ್ಲೇ ಮುಗಿಯುವ ಸಂಖ್ಯೆಗಳು ಅಂದಾಜಿನವು. ನಿಮ್ಮ ಡಾಕ್ಟರ್ 138 ಅಂದಿದ್ದಾರೆ, ಅಷ್ಟರ ಮಟ್ಟಿಗೆ ಗಮನವಿಟ್ಟು ನೋಡಿದ್ದಾರೆ ಅಥವಾ ಅವರದೂ ಡಿಜಿಟಲ್.

ವರ್ಷಕ್ಕೊಮ್ಮೆ ಈ ಐದು ಅಳತೆ ಮಾಡಿಕೊಳ್ಳಿ. ಮಶೀನ್ ಕೈಜಾರಿ ಬಿದ್ದರೆ, ಮಳೆ ನೀರು ತಾಗಿದರೆ, ಇದ್ದಕ್ಕಿದ್ದಂತೆ ರೀಡಿಂಗ್ ಬೇರೆ ದಾರಿ ಹಿಡಿದರೆ ಆಗಲೂ ಮಾಡಿ. ಸರ್ವಿಸ್ ಸೆಂಟರಿನ ಒತ್ತಡ ಪರೀಕ್ಷೆ ಎರಡು ವರ್ಷಕ್ಕೊಮ್ಮೆ ಆಗಲಿ ಅಂತ ಕಂಪನಿಗಳ ಕೈಪಿಡಿಯಲ್ಲೇ ಬರೆದಿರುವುದುಂಟು. ನಿಮ್ಮೂರಲ್ಲಿ ಸರ್ವಿಸ್ ಸೆಂಟರ್ ಇದ್ದರೆ ಸರಿ. ಅದಕ್ಕೆಂದೇ ಬೆಂಗಳೂರಿಗೆ ಕೊರಿಯರ್ ಮಾಡುವುದು ಆರು ವರ್ಷದ ಮಶೀನ್‌ಗೆ ಗಿಟ್ಟುವುದಿಲ್ಲ.

ಬದಲಿಸುವುದು ಯಾವಾಗ? ವಯಸ್ಸೊಂದೇ ನೋಡಿ ಬಿಸಾಡಬೇಕಿಲ್ಲ. ಆದರೆ ಕಂಪನಿಗಳು ಮನೆ ಮಶೀನ್‌ಗೆ ಸಾಮಾನ್ಯವಾಗಿ ಐದು ವರ್ಷದ ಆಯಸ್ಸು ಹಿಡಿದಿರುತ್ತವೆ. ನಿಮ್ಮದು ಅದನ್ನು ದಾಟಿದೆ. ಹಾಗಾಗಿ ನಾನು ಅದಕ್ಕೆ ಖರ್ಚು ಮಾಡಿದರೆ ಸೆಲ್ಲಿಗೆ, ಹೆಚ್ಚೆಂದರೆ ಪಟ್ಟಿಗೆ ಮಾತ್ರ ಮಾಡುತ್ತೇನೆ, ಒಳಗಿನ ರಿಪೇರಿಗೆ ಮಾಡುವುದಿಲ್ಲ. ಆಲ್ಕಲೈನ್ ಹಾಕಿಯೂ ಡಬ್ಬಿ ಪರೀಕ್ಷೆಯಲ್ಲಿ ಪಂಪು ಏದುಸಿರು ಬಿಟ್ಟರೆ ಪಂಪ್ ಅಥವಾ ವಾಲ್ವ್ ಸವೆದಿದೆ, ಬಿಟ್ಟುಬಿಡಿ. ಒಳಗಿನ ದೋಷದ ಕೋಡ್, ಕೆಲವು ಮಾಡೆಲ್‌ನಲ್ಲಿ Er ಅಂತ ಬರುತ್ತದೆ, ಸೆಲ್ ತೆಗೆದು ಹಾಕಿದ ಮೇಲೂ ಮರಳಿದರೆ ಬಿಟ್ಟುಬಿಡಿ. ಐದು ಅಳತೆಯಲ್ಲಿ 10 ದಾಟಿದರೆ, ಪಟ್ಟಿಯ ಅಳತೆ ಸರಿಯಿದ್ದೂ ದಾಟಿದರೆ, ಆ ಮಶೀನ್ ನೋಡಿ ಮಾತ್ರೆ ಹೆಚ್ಚು ಕಮ್ಮಿ ಮಾಡುವುದು ಅಪಾಯ. ‘ಯಾವಾಗಲೂ ಹತ್ತು ಜಾಸ್ತಿ ತೋರಿಸುತ್ತೆ, ನಾವು ಹತ್ತು ಕಳೆದು ಬರ್ಕೊಳ್ತೀವಿ’ ಅನ್ನುವವರಿದ್ದಾರೆ. ಆ ಹತ್ತು 120ರಲ್ಲೂ 170ರಲ್ಲೂ ಒಂದೇ ಇರುತ್ತದೆ ಅನ್ನಲು ಆಧಾರವಿಲ್ಲ.

ಪಟ್ಟಿಯ ಅಂಟುವ ವೆಲ್ಕ್ರೋ ಗಾಳಿ ತುಂಬುವಾಗ ‘ಚರ್’ ಅಂತ ಬಿಚ್ಚಿಕೊಂಡರೆ ಮಾತ್ರ ಪಟ್ಟಿ ಬದಲಿಸಿದರೆ ಸಾಕು, ಮಶೀನ್ ಇರಲಿ.

ಹೊಸದು ಕೊಳ್ಳುವುದೇ ಆದರೆ ತೋಳಿನ ಅಳತೆ ಬರೆದುಕೊಂಡು ಹೋಗಿ, ಮಣಿಕಟ್ಟಿನದು ಬೇಡ. ಬ್ಲೂಟೂತ್, ಬಣ್ಣದ ಪರದೆಗೆ ದುಡ್ಡು ಕೊಡುವ ಮೊದಲು ಮಾಡೆಲ್ ನಂಬರನ್ನು stridebp.org ಅಥವಾ validatebp.org ಪಟ್ಟಿಯಲ್ಲಿ ಹುಡುಕಿ, ಅಲ್ಲಿ ಪರೀಕ್ಷೆಯಾದ ಮಾಡೆಲ್‌ಗಳಷ್ಟೇ ಇರುತ್ತವೆ. ಬ್ರಾಂಡ್ ಹೆಸರು ಸಾಲದು, ಮಾಡೆಲ್ ನಂಬರೇ ಹೊಂದಬೇಕು. ಹೊಸದಕ್ಕೂ ಮೊದಲ ವಾರದಲ್ಲೇ ಕ್ಲಿನಿಕ್‌ನಲ್ಲಿ ಐದು ಅಳತೆ ಮಾಡಿಸಿ. ಮನೆಯಲ್ಲಿ ಸರಾಸರಿ 135/85 ದಾಟಿದರೆ ಅದನ್ನು ಕ್ಲಿನಿಕ್‌ನ 140/90ಕ್ಕೆ ಸಮ ಅಂತ ಹಿಡಿಯುತ್ತಾರೆ ಅನ್ನುವುದೂ ನೆನಪಿರಲಿ. ಹಳೆಯದರಿಂದ ಹೊಸದಕ್ಕೆ ಬದಲಾದ ತಾರೀಖನ್ನು ಬಿಪಿ ಬರೆಯುವ ಪುಸ್ತಕದಲ್ಲಿ ಒಂದು ಗೆರೆ ಎಳೆದು ಬರೆಯಿರಿ. ಹಳೆಯದನ್ನು ಕಸದ ಬುಟ್ಟಿಗೆ ಹಾಕದೆ, ಸೆಲ್ ತೆಗೆದು ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಸದ್ಯಕ್ಕೆ ನಾಲ್ಕು ಆಲ್ಕಲೈನ್ ಸೆಲ್, ಒಂದು ಟೈಲರ್ ಟೇಪು ತನ್ನಿ. ಎರರ್ ಅಪ್ಪನಿಗೆ ಮಾತ್ರ ಬರುತ್ತದಾ ಅಂತ ಇವತ್ತೇ ನೋಡಿ, ಹೌದಾದರೆ ಐದು ಅಳತೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.